ಆಯತಾಕಾರದ ಟೊಳ್ಳು ಉಕ್ಕಿನ ಕೊಳವೆಯ ತೂಕ

ನಾಲ್ಕು ಬದಿ ಚಪ್ಪಟೆಯಾಗಿ, ಎದುರುಬದುರಾದ ಬದಿಗಳು ಸಮನಾಗಿ, ಒಳಗೆ ಟೊಳ್ಳಾಗಿರುವ ಉಕ್ಕಿನ ಕೊಳವೆಯನ್ನು ಕಬ್ಬಿಣದ ಅಂಗಡಿಗಳಲ್ಲಿ ಬಾಕ್ಸ್ ಪೈಪ್ ಎಂದು ಕರೆಯುತ್ತಾರೆ. ಮನೆಯ ಗೇಟು, ಮಹಡಿಯ ಮೇಲಿನ ಶೀಟಿನ ಚಾವಣಿ, ಗೋದಾಮಿನ ಶೆಡ್ಡು, ಬಸ್ಸಿನ ಬಾಡಿ, ಸೌರಫಲಕದ ಸ್ಟ್ಯಾಂಡು, ಹೀಗೆ ಎಲ್ಲೆಡೆ ಇದರ ಬಳಕೆ ಇದೆ. ಕೊಳವೆಯ ಗುರುತು ಮೂರು ಅಂಕಿಗಳಲ್ಲಿ ಇರುತ್ತದೆ. 100×50×3 ಎಂದರೆ ಹೊರಗಿನ ಒಂದು ಬದಿ 100 ಮಿ.ಮೀ., ಇನ್ನೊಂದು ಬದಿ 50 ಮಿ.ಮೀ., ಗೋಡೆಯ ದಪ್ಪ 3 ಮಿ.ಮೀ. ಒಂದು ಮೀಟರ್ ಉದ್ದದ ಕೊಳವೆ ಎಷ್ಟು ತೂಗುತ್ತದೆ ಎಂಬುದನ್ನು ಈ ಮೂರರಿಂದಲೇ ಲೆಕ್ಕ ಹಾಕಬಹುದು.

ಈ ಲೆಕ್ಕ ಬೇಕಾಗುವುದು ಉಕ್ಕನ್ನು ಒಂದು ಅಳತೆಯಲ್ಲಿ ಕೊಂಡು ಇನ್ನೊಂದು ಅಳತೆಯಲ್ಲಿ ಬಳಸುವುದರಿಂದ. ಅಂಗಡಿಯ ದರ ಕೆ.ಜಿ.ಗೆ ಇಷ್ಟು ಎಂದಿರುತ್ತದೆ, ಕೆಲಸದ ನಕ್ಷೆ ಮಾತ್ರ ಮೀಟರ್‌ಗಳಲ್ಲಿ ಇರುತ್ತದೆ. ಶೆಡ್ಡಿಗೆ 240 ಮೀಟರ್ ಕೊಳವೆ ಬೇಕು ಎಂದು ನಕ್ಷೆ ಹೇಳಿದರೆ ಎಷ್ಟು ಕೆ.ಜಿ. ತರಿಸಬೇಕು, ಲಾರಿಗೆ ಎಷ್ಟು ಹೊರೆ, ಕಂಬದ ಮೇಲೆ ಚೌಕಟ್ಟಿನದೇ ಭಾರ ಎಷ್ಟು ಎಂಬುದಕ್ಕೆಲ್ಲ ಮೀಟರ್‌ಗೆ ಇಷ್ಟು ಕೆ.ಜಿ. ಎಂಬ ಒಂದು ಅಂಕಿ ಸಾಕು. ಅದೇ ಅಂಕಿ ಬಂದ ಮಾಲನ್ನು ಪರೀಕ್ಷಿಸುವುದಕ್ಕೂ ನೆರವಾಗುತ್ತದೆ. ಅಂಗಳಕ್ಕೆ ಬಂದ ಕೊಳವೆಯ ಗೋಡೆ ನಿಜಕ್ಕೂ 3 ಮಿ.ಮೀ. ಇದೆಯೇ ಎಂಬುದನ್ನು ಒಂದೆರಡು ಕಡೆ ವರ್ನಿಯರ್ ಇಟ್ಟು ನೋಡುವುದಕ್ಕಿಂತ ತೂಕದಿಂದ ತಿಳಿಯುವುದು ಹೆಚ್ಚು ನಂಬಲರ್ಹ. ಆ ಮಾತಿಗೆ ಮುಂದೆ ಬರೋಣ.

ಚೂಪು ಮೂಲೆಯ ಲೆಕ್ಕ

ಎಲ್ಲ ಲೆಕ್ಕಕ್ಕೂ ತಳಹದಿ ಒಂದೇ. ಕೊಳವೆಯನ್ನು ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಉಕ್ಕಿನ ಭಾಗದ ವಿಸ್ತೀರ್ಣವನ್ನು ಉದ್ದದಿಂದ ಗುಣಿಸಿದರೆ ಉಕ್ಕಿನ ಗಾತ್ರ ಸಿಗುತ್ತದೆ, ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ ಸಿಗುತ್ತದೆ. ಸಾಧಾರಣ ಉಕ್ಕಿನ ಸಾಂದ್ರತೆಯನ್ನು ಘನ ಮೀಟರ್‌ಗೆ 7850 ಕೆ.ಜಿ. ಎಂದು ಹಿಡಿಯುತ್ತಾರೆ. ಇದನ್ನು ಕೈಗೆ ಒಗ್ಗುವಂತೆ ಹೇಳುವುದಾದರೆ, ಅಡ್ಡಕೊಯ್ತದಲ್ಲಿ ಒಂದು ಚದರ ಮಿ.ಮೀ. ಉಕ್ಕಿದ್ದರೆ ಒಂದು ಮೀಟರ್ ಉದ್ದಕ್ಕೆ 0.00785 ಕೆ.ಜಿ. ತೂಕ. ಅಳತೆಗಳನ್ನೆಲ್ಲ ಮಿ.ಮೀ.ನಲ್ಲೇ ಇಟ್ಟುಕೊಂಡು ಕೊನೆಗೆ ಈ ಒಂದು ಅಂಕಿಯಿಂದ ಗುಣಿಸಿದರೆ ಸೊನ್ನೆಗಳ ಗೊಂದಲ ಇರುವುದಿಲ್ಲ.

ಹಾಗಾಗಿ ನಿಜವಾದ ಪ್ರಶ್ನೆ ಅಡ್ಡಕೊಯ್ತದ ವಿಸ್ತೀರ್ಣದ್ದು. ಮೊದಲಿಗೆ ಮೂಲೆಗಳು ಒಳಗೂ ಹೊರಗೂ ಚೂಪಾಗಿವೆ ಎಂದುಕೊಳ್ಳೋಣ. ಹೊರಗಿನ ಆಯತದಿಂದ ಒಳಗಿನ ಖಾಲಿ ಆಯತವನ್ನು ಕಳೆಯಬೇಕು. 100×50×3 ಕೊಳವೆಯಲ್ಲಿ ಹೊರಗಿನದು 100 ಗುಣಿಸು 50, ಅಂದರೆ 5000 ಚದರ ಮಿ.ಮೀ. ಒಳಗಿನ ಅಗಲ 100ರಿಂದ ಎರಡೂ ಕಡೆಯ ಗೋಡೆಯನ್ನು ಕಳೆದು 94, ಎತ್ತರ ಹಾಗೆಯೇ 44, ವಿಸ್ತೀರ್ಣ 4136. ಉಳಿದ ಉಕ್ಕು 864 ಚದರ ಮಿ.ಮೀ. ಅದನ್ನು 0.00785ರಿಂದ ಗುಣಿಸಿದರೆ ಮೀಟರ್‌ಗೆ 6.78 ಕೆ.ಜಿ.

ಇದನ್ನೇ ಸೂತ್ರವಾಗಿ ಬರೆದರೆ, ಬದಿಗಳು B ಮತ್ತು H, ದಪ್ಪ T ಆದಾಗ, ವಿಸ್ತೀರ್ಣ 2T(B + H − 2T) ಆಗುತ್ತದೆ.

ಲೆಕ್ಕ ತಪ್ಪುವ ಎರಡು ಜಾಗಗಳು ಇಲ್ಲಿಯೇ ಇವೆ. ಒಂದು, ಒಳಗಿನ ಅಳತೆ ತೆಗೆಯುವಾಗ ಗೋಡೆಯನ್ನು ಎರಡು ಸಲ ಕಳೆಯುವ ಬದಲು ಒಂದೇ ಸಲ ಕಳೆಯುವುದು. ಆಗ ಒಳಗಿನ ಆಯತ 97 ಗುಣಿಸು 47 ಆಗಿ, ಉಕ್ಕು ಬರೀ 441 ಚದರ ಮಿ.ಮೀ. ಎಂದು ಬರುತ್ತದೆ, ತೂಕ 3.46 ಕೆ.ಜಿ.ಗೆ ಇಳಿಯುತ್ತದೆ. ಉತ್ತರ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದ್ದರೆ ಕಾರಣ ಇದೇ ಎಂದು ತಿಳಿಯಬಹುದು. ಇನ್ನೊಂದು, ಹೊರ ಸುತ್ತಳತೆ 300 ಮಿ.ಮೀ.ಯನ್ನು ನೇರವಾಗಿ ದಪ್ಪ 3ರಿಂದ ಗುಣಿಸಿಬಿಡುವುದು. ಹಾಗೆ ಮಾಡಿದರೆ ನಾಲ್ಕು ಮೂಲೆಗಳ ಉಕ್ಕು ಎರಡೆರಡು ಸಲ ಲೆಕ್ಕಕ್ಕೆ ಸೇರಿ 900 ಚದರ ಮಿ.ಮೀ. ಬರುತ್ತದೆ, ತೂಕ 7.07 ಕೆ.ಜಿ. ಈ ತಪ್ಪು ಮೊದಲಿನದಕ್ಕಿಂತ ಅಪಾಯಕಾರಿ. ಉತ್ತರ ನೋಡುವುದಕ್ಕೆ ಸರಿಯಾಗಿಯೇ ಇದ್ದು, ಮೇಲಿನ 6.78ಕ್ಕಿಂತ ನೂರಕ್ಕೆ ನಾಲ್ಕರಷ್ಟು ಹೆಚ್ಚಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂಲೆಯ ದುಂಡಗು

ಕೈಯಲ್ಲಿ ಹಿಡಿದು ನೋಡಿದರೆ ಬಾಕ್ಸ್ ಪೈಪಿನ ಮೂಲೆ ಎಂದೂ ಚೂಪಾಗಿರುವುದಿಲ್ಲ. ತಗಡನ್ನು ತಣ್ಣಗಿರುವಾಗಲೇ ಬಾಗಿಸಿ ಮಾಡಿದ ಮೂಲೆ ಅದು. ತೀರ ಚೂಪಾಗಿ ಬಾಗಿಸಲು ಹೋದರೆ ಹೊರಮೈ ಬಿರುಕು ಬಿಡುತ್ತದೆ. ಆದ್ದರಿಂದ ದಪ್ಪ ಹೆಚ್ಚಿದಷ್ಟೂ ಮೂಲೆ ಹೆಚ್ಚು ದುಂಡಗಾಗುತ್ತದೆ. ತಣ್ಣಗೆ ರೂಪಿಸಿದ ಟೊಳ್ಳು ಕೊಳವೆಗಳಿಗೆ ಯುರೋಪಿನಲ್ಲಿರುವ ಇಎನ್ 10219 ಮಾನಕ ಇದಕ್ಕೆ ಲೆಕ್ಕದ ಒಪ್ಪಂದವೊಂದನ್ನು ಕೊಟ್ಟಿದೆ. ಗೋಡೆ 6 ಮಿ.ಮೀ.ವರೆಗೆ ಇದ್ದರೆ ಮೂಲೆಯ ಹೊರ ತ್ರಿಜ್ಯ ದಪ್ಪದ ಎರಡರಷ್ಟು, ಒಳ ತ್ರಿಜ್ಯ ದಪ್ಪದಷ್ಟೇ. 6ರಿಂದ 10 ಮಿ.ಮೀ.ವರೆಗೆ ಹೊರಗೆ ಎರಡೂವರೆಯಷ್ಟು, ಒಳಗೆ ಒಂದೂವರೆಯಷ್ಟು. 10 ಮಿ.ಮೀ. ದಾಟಿದರೆ ಹೊರಗೆ ಮೂರರಷ್ಟು, ಒಳಗೆ ಎರಡರಷ್ಟು.

ದುಂಡಗಾದ ಮೂಲೆಯಲ್ಲಿ ಚೂಪು ಮೂಲೆಗಿಂತ ಉಕ್ಕು ಕಡಿಮೆ. ತ್ರಿಜ್ಯ r ಇರುವ ಒಂದು ಮೂಲೆಯನ್ನು ದುಂಡಗೆ ಮಾಡಿದಾಗ ಹೋಗುವ ವಿಸ್ತೀರ್ಣ, ಬದಿ r ಇರುವ ಚೌಕ ಮತ್ತು ಅದೇ ತ್ರಿಜ್ಯದ ಕಾಲು ವೃತ್ತ ಇವುಗಳ ವ್ಯತ್ಯಾಸ. ನಾಲ್ಕು ಮೂಲೆ ಸೇರಿಸಿದರೆ (4 − π)r², ಅಂದರೆ 0.858 ಗುಣಿಸು r². ಹೊರ ಮೂಲೆಯಲ್ಲಿ ಇಷ್ಟು ಉಕ್ಕು ಹೋಗುತ್ತದೆ. ಒಳ ಮೂಲೆ ದುಂಡಗಾಗಿರುವುದರಿಂದ ಅಲ್ಲಿ ಸ್ವಲ್ಪ ಉಕ್ಕು ಬಂದು ಸೇರುತ್ತದೆ. ನಮ್ಮ ಕೊಳವೆಯಲ್ಲಿ ಹೊರ ತ್ರಿಜ್ಯ 6, ಒಳ ತ್ರಿಜ್ಯ 3. ಅವುಗಳ ವರ್ಗಗಳ ವ್ಯತ್ಯಾಸ 27, ಅದನ್ನು 0.858ರಿಂದ ಗುಣಿಸಿದರೆ 23.2. ಆಗ 864ರಲ್ಲಿ 23.2 ಹೋಗಿ 840.8 ಚದರ ಮಿ.ಮೀ. ಉಳಿಯುತ್ತದೆ. ತೂಕ ಮೀಟರ್‌ಗೆ 6.60 ಕೆ.ಜಿ. ಕಾರ್ಖಾನೆಗಳ ಪಟ್ಟಿಯಲ್ಲಿ ತಣ್ಣಗೆ ರೂಪಿಸಿದ 100×50×3 ಕೊಳವೆಗೆ ಅಚ್ಚಾಗಿರುವ ಅಂಕಿಯೂ ಇದೇ.

ಚೂಪು ಮೂಲೆಯ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ನೂರಕ್ಕೆ 2.7. ಆರು ಮೀಟರಿನ ಒಂದು ಕೊಳವೆಯಲ್ಲಿ ಒಂದು ಕೆ.ಜಿ.ಗಿಂತ ತುಸು ಹೆಚ್ಚು. ಗೋಡೆ ದಪ್ಪವಾದಂತೆ ಈ ಅಂತರ ದೊಡ್ಡದಾಗುತ್ತದೆ. 200×100×10 ಕೊಳವೆಯಲ್ಲಿ ಚೂಪು ಮೂಲೆಯ ವಿಸ್ತೀರ್ಣ 5600 ಚದರ ಮಿ.ಮೀ., ಮೂಲೆ ಕಳೆದ ಮೇಲೆ ಸುಮಾರು 5257. ತೂಕ 43.96ರಿಂದ 41.3 ಕೆ.ಜಿ.ಗೆ ಇಳಿಯುತ್ತದೆ, ನೂರಕ್ಕೆ ಆರರಷ್ಟು ಕಡಿತ. ಗೇಟಿನ ಸಣ್ಣ ಕೊಳವೆಗೆ ಮೂಲೆಯನ್ನು ಮರೆತರೆ ನಡೆದೀತು, ದಪ್ಪ ಗೋಡೆಯ ಕಂಬಕ್ಕೆ ಮರೆಯುವಂತಿಲ್ಲ.

6 ಮಿ.ಮೀ.ವರೆಗಿನ ಗೋಡೆಗೆ ಮೂಲೆಯ ಕಡಿತವನ್ನೂ ಒಳಗೊಂಡ ಒಂದು ಚಿಕ್ಕ ಸೂತ್ರವನ್ನು ಮಾಡಿಕೊಳ್ಳಬಹುದು. ಹೊರ ತ್ರಿಜ್ಯ 2T, ಒಳ ತ್ರಿಜ್ಯ T ಎಂದು ಹಾಕಿ ಎಲ್ಲವನ್ನೂ ಒಟ್ಟುಗೂಡಿಸಿದರೆ ಮೀಟರ್‌ನ ತೂಕ ಹೀಗೆ ಬರುತ್ತದೆ:

```
W = 0.0157 × T × (B + H − 3.29 × T)
```

100×50×3ಕ್ಕೆ ಹಾಕಿ ನೋಡಿದರೆ ಆವರಣದೊಳಗೆ 150ರಲ್ಲಿ 9.87 ಹೋಗಿ 140.13 ಉಳಿಯುತ್ತದೆ. ಅದನ್ನು 3ರಿಂದಲೂ 0.0157ರಿಂದಲೂ ಗುಣಿಸಿದರೆ 6.60. ಗಣಕದ ಹಾಳೆಯಲ್ಲಿ A, B, C ಕಾಲಮ್‌ಗಳಲ್ಲಿ ಎರಡು ಬದಿ ಮತ್ತು ದಪ್ಪವನ್ನು ತುಂಬಿ, ಮುಂದಿನ ಕೋಶದಲ್ಲಿ ಇದನ್ನು ಬರೆದರೆ ಸಾಕು:

```
=0.0157*C2*(A2+B2-3.29*C2)
```

ಬಾಗಿಸಿದ ಪಟ್ಟಿಯ ತೂಕ

ಮೇಲಿನ ಸೂತ್ರ ಮೂಲೆಯ ತ್ರಿಜ್ಯದ ಬಗ್ಗೆ ಒಂದು ಊಹೆಯನ್ನು ನಂಬಿ ನಿಂತಿದೆ. ನಿಜವಾದ ಕೊಳವೆಯಲ್ಲಿ ತ್ರಿಜ್ಯ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಇಎನ್ 10219 ಕೂಡ 6 ಮಿ.ಮೀ.ವರೆಗಿನ ಗೋಡೆಗೆ ಹೊರ ತ್ರಿಜ್ಯ ದಪ್ಪದ 1.6ರಿಂದ 2.4ರಷ್ಟರ ನಡುವೆ ಎಲ್ಲಿದ್ದರೂ ಒಪ್ಪುತ್ತದೆ. ಆ ಊಹೆಯೇ ಬೇಡವಾಗುವಂತೆ ಲೆಕ್ಕ ಹಾಕುವ ದಾರಿ ಇದೆ. ಅದು ಹೊಳೆಯಬೇಕಾದರೆ ಕೊಳವೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು.

ಚೌಕ ಮತ್ತು ಆಯತಾಕಾರದ ಟೊಳ್ಳು ಕೊಳವೆಗಳನ್ನು ಮೊದಲು ತಯಾರಿಸಿದ್ದು ಇಂಗ್ಲೆಂಡಿನ ಸ್ಟೂವರ್ಟ್ಸ್ ಆ್ಯಂಡ್ ಲಾಯ್ಡ್ಸ್ ಸಂಸ್ಥೆ, 1952ರಲ್ಲಿ. ಇಂದು ನಮ್ಮ ಮಾರುಕಟ್ಟೆಗೆ ಬರುವ ಬಹುಪಾಲು ಕೊಳವೆಗಳ ಮೂಲ ಬಿಸಿ ರೋಲಿಂಗಿನಿಂದ ಬಂದ ಉಕ್ಕಿನ ತಗಡಿನ ಕಾಯಿಲ್. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಅಂಥ ಕಾಯಿಲ್‌ಗಳು ತಯಾರಾಗುತ್ತವೆ. ಕೊಳವೆ ಕಾರ್ಖಾನೆ ಕಾಯಿಲನ್ನು ಉದ್ದಕ್ಕೆ ಸೀಳಿ, ಬೇಕಾದ ಅಗಲದ ಪಟ್ಟಿಗಳನ್ನಾಗಿ ಮಾಡುತ್ತದೆ. ಪಟ್ಟಿ ಸಾಲುಸಾಲು ಉರುಳೆಗಳ ನಡುವೆ ಹಾದುಹೋಗುತ್ತ ಮೆಲ್ಲಗೆ ಬಾಗಿ ದುಂಡಗಿನ ಕೊಳವೆಯಾಗುತ್ತದೆ. ಎರಡು ಅಂಚುಗಳು ಸೇರುವಲ್ಲಿ ವಿದ್ಯುತ್ತಿನ ಕಾವಿನಿಂದ ಬೆಸುಗೆ ಆಗುತ್ತದೆ. ಆಮೇಲೆ ನಾಲ್ಕೂ ಕಡೆಯಿಂದ ಒತ್ತುವ ಉರುಳೆಗಳು ಆ ದುಂಡು ಕೊಳವೆಯನ್ನು ಚೌಕವಾಗಿಯೋ ಆಯತವಾಗಿಯೋ ಮಾಡುತ್ತವೆ. ಕೊನೆಗೆ ಸಾಮಾನ್ಯವಾಗಿ ಆರು ಮೀಟರ್ ಉದ್ದಕ್ಕೆ ತುಂಡರಿಸುತ್ತಾರೆ.

ಅಂದರೆ ಬಾಕ್ಸ್ ಪೈಪಿನ ತೂಕ ಎಂದರೆ ಬಾಗಿಸಿದ ಪಟ್ಟಿಯ ತೂಕ. ಪಟ್ಟಿಯ ಅಗಲವನ್ನು ದಪ್ಪದಿಂದ ಗುಣಿಸಿದರೆ ವಿಸ್ತೀರ್ಣ ಸಿಕ್ಕಿತು. ಆಕಾರ ಯಾವುದೇ ಇರಲಿ, ಮೂಲೆ ಎಷ್ಟೇ ದುಂಡಗಿರಲಿ, ಇದು ಬದಲಾಗುವುದಿಲ್ಲ. ಭಾರತದ ಕಾರ್ಖಾನೆಗಳ ತೂಕದ ಪಟ್ಟಿಗಳಲ್ಲಿ ಕಾಣುವ ಕೆಲವು ವಿಚಿತ್ರ ಅಳತೆಗಳ ಹಿಂದೆಯೂ ಇದೇ ಸಂಗತಿ ಇದೆ. 72×72 ಚೌಕದ ಬದಿಗಳನ್ನು ಕೂಡಿದರೆ 288, 96×48 ಆಯತದ ಬದಿಗಳನ್ನು ಕೂಡಿದರೂ 288. 91.5×91.5 ಮತ್ತು 122×61 ಎರಡಕ್ಕೂ 366. 132×132 ಮತ್ತು 172×92 ಎರಡಕ್ಕೂ 528. ಒಂದೇ ಅಗಲದ ಪಟ್ಟಿಯಿಂದ, ಒಂದೇ ದುಂಡು ಕೊಳವೆಯನ್ನು ದಾಟಿ, ಒಂದು ಚೌಕ ಮತ್ತು ಒಂದು ಆಯತ ಹುಟ್ಟುತ್ತವೆ. ಆದ್ದರಿಂದಲೇ ದಪ್ಪ 3.2 ಮಿ.ಮೀ. ಇದ್ದಾಗ 72×72 ಕೊಳವೆಗೂ 96×48 ಕೊಳವೆಗೂ ಮೀಟರ್‌ಗೆ 6.71 ಕೆ.ಜಿ. ಎಂಬ ಒಂದೇ ತೂಕ.

ಈಗ ಕೈಯಲ್ಲಿರುವ ಕೊಳವೆಯಿಂದ ಆ ಪಟ್ಟಿಯ ಅಗಲವನ್ನು ಹಿಂದಕ್ಕೆ ಪಡೆಯುವುದು ಹೇಗೆ? ಬಾಗಿಸುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ದಪ್ಪದ ನಟ್ಟನಡುವಿನ ಗೆರೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆ ನಡುಗೆರೆಯ ಉದ್ದ ನಮಗೆ ಬೇಕು. ಹೊರಗಿನ ಸುತ್ತಳತೆ P ಆಗಿದ್ದರೆ, ನಡುಗೆರೆ ಅದಕ್ಕಿಂತ ಸರಿಯಾಗಿ πTಯಷ್ಟು ಕಡಿಮೆ. ಚಪ್ಪಟೆ ಭಾಗದಲ್ಲಿ ಹೊರಗೆರೆಗೂ ನಡುಗೆರೆಗೂ ಉದ್ದದ ವ್ಯತ್ಯಾಸವೇ ಇಲ್ಲ, ವ್ಯತ್ಯಾಸವೆಲ್ಲ ನಾಲ್ಕು ಮೂಲೆಗಳಲ್ಲಿ. ಆ ನಾಲ್ಕು ಕಾಲು ವೃತ್ತಗಳು ಸೇರಿದರೆ ಒಂದು ಪೂರ್ಣ ವೃತ್ತ, ಅದರ ತ್ರಿಜ್ಯ ಅರ್ಧ ದಪ್ಪದಷ್ಟು ಕಡಿಮೆಯಾದರೆ ಸುತ್ತಳತೆ πTಯಷ್ಟು ಕಡಿಮೆಯಾಗುತ್ತದೆ. ಮೂಲೆಯ ತ್ರಿಜ್ಯ ಈ ವಾಕ್ಯದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದೇ ಇದರ ಚೆಲುವು. ಹಾಗಾಗಿ:

```
W = 0.00785 × T × (P − 3.14 × T)
```

ಕೊಳವೆಯ ಸುತ್ತ ಒಂದು ಕಾಗದದ ಪಟ್ಟಿಯನ್ನು, ಮೂಲೆಗಳ ಮೇಲೂ ಅಂಟಿಕೊಳ್ಳುವಂತೆ ಬಿಗಿಯಾಗಿ ಸುತ್ತಿ, ಅಂಚು ಸೇರುವಲ್ಲಿ ಪೆನ್ನಿನಿಂದ ಗೀಟು ಹಾಕಿ, ಬಿಚ್ಚಿ ಅಳೆಯಬೇಕು. ಉಕ್ಕಿನ ಟೇಪು ಮೂಲೆಯಲ್ಲಿ ಬಾಗದೆ ಎದ್ದು ನಿಲ್ಲುತ್ತದೆ, ದರ್ಜಿಯ ಟೇಪು ಎಳೆದರೆ ಹಿಗ್ಗುತ್ತದೆ, ಕಾಗದವೇ ವಾಸಿ. 100×50 ಕೊಳವೆಗೆ ಸುಮಾರು 290 ಮಿ.ಮೀ. ಬರುತ್ತದೆ, 300 ಅಲ್ಲ. ಆ ಹತ್ತು ಮಿ.ಮೀ. ಮೂಲೆಗಳ ದುಂಡಗಿನಲ್ಲಿ ಹೋಗಿದೆ. 290ರಲ್ಲಿ 9.42 ಕಳೆದು, 3ರಿಂದಲೂ 0.00785ರಿಂದಲೂ ಗುಣಿಸಿದರೆ 6.61 ಕೆ.ಜಿ., ಕಾರ್ಖಾನೆಯ ಪಟ್ಟಿಯ ಅಂಕಿಗೂ ಇದಕ್ಕೂ ಅಂತರ ಸುಮಾರು ಹತ್ತು ಗ್ರಾಂ ಮಾತ್ರ.

ಈ ನಿಯಮಕ್ಕೆ ಒಂದು ಮಿತಿ ಇದೆ. ಮೂಲೆಯಲ್ಲಿಯೂ ಗೋಡೆಯ ದಪ್ಪ ಬದಿಯಷ್ಟೇ ಇದೆ ಎಂದು ಅದು ನಂಬುತ್ತದೆ. ಬಿಸಿಯಾಗಿರುವಾಗಲೇ ಅಂತಿಮ ರೂಪ ಪಡೆದ ಕೊಳವೆಗಳಲ್ಲಿ ಮೂಲೆ ಹೊರಗೆ ಹೆಚ್ಚು ಚೂಪಾಗಿ, ಅಲ್ಲಿ ಉಕ್ಕು ದಪ್ಪವಾಗಿರುತ್ತದೆ. ಅವುಗಳ ಇಎನ್ 10210 ಮಾನಕ ಲೆಕ್ಕಕ್ಕೆ ಹೊರ ತ್ರಿಜ್ಯ ದಪ್ಪದ ಒಂದೂವರೆಯಷ್ಟು, ಒಳ ತ್ರಿಜ್ಯ ದಪ್ಪದಷ್ಟೇ ಎಂದು ಹಿಡಿಯುತ್ತದೆ. ಅದರಂತೆ 100×50×3ರ ತೂಕ 6.71 ಕೆ.ಜಿ. ಸುತ್ತಳತೆಯ ನಿಯಮ ಅಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ತಪ್ಪುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಬಾಕ್ಸ್ ಪೈಪು ತಣ್ಣಗೆ ರೂಪಿಸಿದ್ದು, ಹಾಗಾಗಿ ನಿಯಮ ಚೆನ್ನಾಗಿಯೇ ಹೊಂದುತ್ತದೆ. ಒಳಗೆ ಬೆಸುಗೆಯ ಗೆರೆಯಲ್ಲಿ ಉಬ್ಬಿ ನಿಂತ ಉಕ್ಕು ತೂಕಕ್ಕೆ ತುಸು ಸೇರುತ್ತದೆ, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ.

ದಪ್ಪವೇ ಎಲ್ಲ

ಸುತ್ತಳತೆ ತೆಗೆಯುವಾಗ ಒಂದು ಮಿ.ಮೀ. ತಪ್ಪಿದರೆ ತೂಕ ನೂರಕ್ಕೆ ಮೂರನೇ ಒಂದು ಭಾಗದಷ್ಟು ತಪ್ಪುತ್ತದೆ. ದಪ್ಪದಲ್ಲಿ ಒಂದು ಮಿ.ಮೀ.ಯ ಹತ್ತನೇ ಒಂದು ಭಾಗ ತಪ್ಪಿದರೆ ತೂಕ ನೂರಕ್ಕೆ ಮೂರಕ್ಕೂ ಹೆಚ್ಚು ತಪ್ಪುತ್ತದೆ. ಹೊರ ಅಳತೆಗೆ ಕಾಗದದ ಪಟ್ಟಿಯೇ ಸಾಕು, ಎಚ್ಚರವೆಲ್ಲ ದಪ್ಪಕ್ಕೆ ಮೀಸಲಾಗಬೇಕು.

ದಪ್ಪವನ್ನು ಅಳೆಯುವ ಜಾಗ ಕೊಳವೆಯ ತುದಿ. ಅಲ್ಲಿಯೇ ತಪ್ಪು ಓದು ಕೂಡ ಬರುತ್ತದೆ. ಗರಗಸ ಕತ್ತರಿಸಿದ ಕಡೆ ಒಳಕ್ಕೆ ಮಡಿಚಿದ ಚೂರು ಅಂಟಿಕೊಂಡಿರುತ್ತದೆ. ವರ್ನಿಯರ್ ಅದರ ಮೇಲೆ ಕೂತರೆ 2.8 ಇರುವ ಗೋಡೆ 3 ಎಂದು ತೋರುತ್ತದೆ. ಅರ ಹಾಕಿ ಆ ಚೂರನ್ನು ಉಜ್ಜಿ ತೆಗೆದು, ಬೆಸುಗೆಯ ಗೆರೆ ಇಲ್ಲದ ಮೂರು ಬದಿಗಳ ನಡುವಿನಲ್ಲಿ, ಮೂಲೆಯಿಂದ ದೂರ ಅಳೆಯಬೇಕು. ಹೊರಗೆ ಬಣ್ಣವಿದ್ದರೆ ಆ ಜಾಗದ ಬಣ್ಣವನ್ನೂ ಕೆರೆಯಬೇಕು.

ಹೆಸರುಗಳೂ ದಪ್ಪವನ್ನು ಮರೆಮಾಡುತ್ತವೆ. ಎಷ್ಟೋ ಕಡೆ ಇಂದಿಗೂ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಬ್ರಿಟಿಷ್ ತಂತಿ ಗೇಜಿನ ಪ್ರಕಾರ 16 ಗೇಜ್ ಎಂದರೆ 1.63 ಮಿ.ಮೀ., 14 ಗೇಜ್ 2.03, 12 ಗೇಜ್ 2.64, 10 ಗೇಜ್ 3.25. ಗೇಜಿನ ಅಂಕಿ ಏರಿದಂತೆ ಗೋಡೆ ತೆಳುವಾಗುತ್ತದೆ. 3 ಮಿ.ಮೀ.ಗೆ ಸರಿಯಾಗಿ ಕೂರುವ ಗೇಜ್ ಇಲ್ಲ, ತೀರ ಹತ್ತಿರದ 11 ಗೇಜ್ ಎಂದರೆ 2.95. ಹಾಗೆಯೇ ನಾಲ್ಕು ಇಂಚು ಎರಡು ಇಂಚಿನ ಪೈಪ್ ಎಂದು ಕೇಳಿದವರಿಗೆ ಕೊಡುವುದು 100×50 ಕೊಳವೆ, ಕೆಲವೊಮ್ಮೆ 96×48. ನಿಜವಾದ ಇಂಚಿನ ಲೆಕ್ಕ 101.6×50.8. ಬಾಯಿಮಾತಿನ ಹೆಸರಿನಿಂದ ತೂಕ ಕಟ್ಟಿದರೆ ಮೂರು ಬೇರೆ ಬೇರೆ ಉತ್ತರ ಬರುತ್ತವೆ. ಅಳೆದ ಅಂಕಿಯಿಂದಲೇ ಲೆಕ್ಕ ಹಾಕಬೇಕು.

ಇನ್ನು ಮಾನಕಗಳೇ ಒಪ್ಪುವ ಏರಿಳಿತವಿದೆ. ರಚನೆಗಳಿಗೆ ಬಳಸುವ ಟೊಳ್ಳು ಕೊಳವೆಗಳ ಭಾರತೀಯ ಮಾನಕ ಐಎಸ್ 4923 ಗೋಡೆಯ ದಪ್ಪ ನೂರಕ್ಕೆ ಹತ್ತು ಹೆಚ್ಚು ಅಥವಾ ಕಡಿಮೆ ಇರಬಹುದು ಎನ್ನುತ್ತದೆ. ಇಎನ್ 10219 ಕೂಡ 5 ಮಿ.ಮೀ.ವರೆಗಿನ ಗೋಡೆಗೆ ಇಷ್ಟೇ ರಿಯಾಯಿತಿ ಕೊಡುತ್ತದೆ. ಹಾಗಾಗಿ 3 ಮಿ.ಮೀ. ಎಂದು ಮಾರಿದ ಕೊಳವೆ 2.7 ಮಿ.ಮೀ. ಇದ್ದರೂ ದಪ್ಪದ ಮಟ್ಟಿಗೆ ಮಾನಕದೊಳಗೇ ಇದೆ. ಆ ಕೊಳವೆಯ ತೂಕ ಮೀಟರ್‌ಗೆ 5.97 ಕೆ.ಜಿ., ಆರು ಮೀಟರಿಗೆ 35.8. ಪಟ್ಟಿಯ ಪ್ರಕಾರ ಇರಬೇಕಾದದ್ದು 39.6.

ತೂಕದಿಂದ ದಪ್ಪಕ್ಕೆ

ಲೆಕ್ಕವನ್ನು ತಿರುಗಿಸಿ ಹಾಕಿದಾಗ ಅದರ ನಿಜವಾದ ಉಪಯೋಗ ಕಾಣುತ್ತದೆ. ಒಂದು ಶೆಡ್ಡಿನ ಕೆಲಸಕ್ಕೆ 100×50×3 ಅಳತೆಯ, ಆರು ಮೀಟರಿನ 40 ಕೊಳವೆಗಳು ಬಂದಿವೆ ಎನ್ನೋಣ. ಒಟ್ಟು ಉದ್ದ 240 ಮೀಟರ್. ಕಾರ್ಖಾನೆಯ ಪಟ್ಟಿಯ ತೂಕದಂತೆ 1584 ಕೆ.ಜಿ. ಇರಬೇಕು. ವೇಬ್ರಿಡ್ಜಿನಲ್ಲಿ ತುಂಬಿದ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕ ಕಳೆದಾಗ 1470 ಬಂತು. ಆಗ ಮೀಟರ್‌ಗೆ 6.125 ಕೆ.ಜಿ.

ಕಾಗದ ಸುತ್ತಿ ನೋಡಿದರೆ ಸುತ್ತಳತೆ 290 ಮಿ.ಮೀ. ಹೊರ ಅಳತೆ ಸರಿಯಾಗಿದೆ ಎಂದ ಮೇಲೆ ಕೊರತೆ ದಪ್ಪದಲ್ಲಿಯೇ ಇರಬೇಕು. 6.125ನ್ನು 0.00785ರಿಂದ ಭಾಗಿಸಿದರೆ ವಿಸ್ತೀರ್ಣ 780 ಚದರ ಮಿ.ಮೀ. ದಪ್ಪ ಗೊತ್ತಿಲ್ಲದಿರುವುದರಿಂದ ನಡುಗೆರೆಯ ಉದ್ದವೂ ನಿಖರವಾಗಿ ಗೊತ್ತಿಲ್ಲ. ಆದರೆ ಅದು ದಪ್ಪದೊಂದಿಗೆ ಹೆಚ್ಚು ಬದಲಾಗುವುದಿಲ್ಲ, ಮೊದಲ ಸುತ್ತಿಗೆ 3 ಮಿ.ಮೀ. ಎಂದೇ ಹಿಡಿದು 280.6 ಎನ್ನೋಣ. 780ನ್ನು 280.6ರಿಂದ ಭಾಗಿಸಿದರೆ 2.78. ಈಗ ಆ ದಪ್ಪದಿಂದ ನಡುಗೆರೆಯನ್ನು ಮತ್ತೆ ತೆಗೆದರೆ 281.3, ಭಾಗಿಸಿದರೆ 2.77. ಎರಡೇ ಸುತ್ತಿನಲ್ಲಿ ಉತ್ತರ ನೆಲೆ ನಿಂತಿತು. 240 ಮೀಟರ್ ಉದ್ದಕ್ಕೂ ಗೋಡೆಯ ಸರಾಸರಿ ದಪ್ಪ 2.77 ಮಿ.ಮೀ.

ಇದನ್ನು ಓದುವುದು ಹೇಗೆ ಎಂಬುದು ಮುಖ್ಯ. ದಪ್ಪದ ರಿಯಾಯಿತಿ ಮಾತ್ರ ನೋಡಿದರೆ 2.77 ಎಂಬುದು 2.7ಕ್ಕಿಂತ ಮೇಲಿದೆ, ದೂರಲು ಕಾರಣವಿಲ್ಲ. ಆದರೆ ಇಎನ್ 10219 ದಪ್ಪದ ಜೊತೆಗೆ ತೂಕಕ್ಕೂ ಪ್ರತ್ಯೇಕ ಮಿತಿ ಹಾಕಿದೆ. ಒಂದೊಂದು ಕೊಳವೆಯ ತೂಕ ಪಟ್ಟಿಯ ತೂಕಕ್ಕಿಂತ ನೂರಕ್ಕೆ ಆರಕ್ಕಿಂತ ಹೆಚ್ಚು ಸರಿಯಬಾರದು. ಆ ಕೆಳಗಿನ ಮಿತಿ ಇಲ್ಲಿ 6.20 ಕೆ.ಜಿ. ಬಂದ ಮಾಲಿನ ಸರಾಸರಿ 6.125, ನೂರಕ್ಕೆ 7.2 ಕಡಿಮೆ. ಆ ಮಾನಕಕ್ಕೆ ಒಪ್ಪಿ ಕೊಂಡಿದ್ದರೆ ಈ ಮಾಲು ದಪ್ಪದ ಪರೀಕ್ಷೆಯಲ್ಲಿ ಗೆದ್ದು ತೂಕದ ಪರೀಕ್ಷೆಯಲ್ಲಿ ಸೋಲುತ್ತದೆ. ಮಾನಕದ ಜಾಣತನ ಇದರಲ್ಲಿದೆ. ಅಲ್ಲೊಂದು ಇಲ್ಲೊಂದು ಜಾಗದಲ್ಲಿ ಗೋಡೆ ತೆಳುವಾಗುವುದು ತಯಾರಿಕೆಯಲ್ಲಿ ಸಹಜ, ಅದಕ್ಕೆ ಹತ್ತರ ರಿಯಾಯಿತಿ. ಉದ್ದಕ್ಕೂ ತೆಳುವಾಗಿರುವುದು ತಗಡಿನ ಪಟ್ಟಿಯೇ ತೆಳುವಾಗಿತ್ತು ಎಂಬುದರ ಗುರುತು, ಅದಕ್ಕೆ ಆರಕ್ಕಿಂತ ಹೆಚ್ಚು ಸಲ್ಲದು.

ಹಣದ ಪರಿಣಾಮ ಮಾರಿದ ರೀತಿಯ ಮೇಲೆ ನಿಂತಿದೆ. ವೇಬ್ರಿಡ್ಜಿನ ತೂಕಕ್ಕೆ ಬಿಲ್ಲು ಮಾಡಿದ್ದರೆ ಕೊಂಡವರು ಬಂದ ಉಕ್ಕಿಗಷ್ಟೇ ಹಣ ಕೊಟ್ಟಿದ್ದಾರೆ. ಪೈಪಿಗೆ ಇಷ್ಟು ಎಂದೋ ಪಟ್ಟಿಯ ತೂಕಕ್ಕೆ ಇಷ್ಟು ಎಂದೋ ಬಿಲ್ಲು ಆಗಿದ್ದರೆ ಬಾರದ 114 ಕೆ.ಜಿ.ಗೂ ಹಣ ಹೋಗಿದೆ. ಬಲದ ಕೊರತೆ ಮಾತ್ರ ಎರಡರಲ್ಲೂ ಒಂದೇ. ಗೋಡೆ ತೆಳುವಾದಷ್ಟೇ ಪ್ರಮಾಣದಲ್ಲಿ ಕೊಳವೆಯ ಬಾಗುವಿಕೆಯನ್ನು ತಡೆಯುವ ಶಕ್ತಿಯೂ ಇಳಿಯುತ್ತದೆ, ಇಲ್ಲಿ ನೂರಕ್ಕೆ ಏಳರಷ್ಟು. 3 ಮಿ.ಮೀ. ಎಂದು ನಂಬಿ ಕಂಬಗಳ ಅಂತರವನ್ನು ಕೊನೆಯ ಮಿತಿಯವರೆಗೆ ಎಳೆದ ವಿನ್ಯಾಸದಲ್ಲಿ ಇದು ಸಣ್ಣದಲ್ಲ.

ವೇಬ್ರಿಡ್ಜ್ ದೊಡ್ಡ ಹೊರೆಗೆ ಸರಿ, ನಾಲ್ಕೈದು ಕೊಳವೆಗೆ ಅದರ ಓದು ಒರಟು. ಆಗ ಒಂದೇ ಕೊಳವೆಯಿಂದ ಒಂದು ತುಂಡನ್ನು ನೇರವಾಗಿ ಕತ್ತರಿಸಿ, ಉದ್ದವನ್ನು ಮಿ.ಮೀ.ವರೆಗೆ ಅಳೆದು, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಬಹುದು. 300 ಮಿ.ಮೀ. ಉದ್ದದ ತುಂಡು 1.98 ಕೆ.ಜಿ. ತೂಗಿದರೆ ಗೋಡೆ 3 ಮಿ.ಮೀ., 1.84 ತೂಗಿದರೆ 2.78ರ ಆಸುಪಾಸು. ಓರೆಯಾಗಿ ಕತ್ತರಿಸಿದ್ದರೆ ಎದುರು ಬದಿಗಳ ಉದ್ದದ ಸರಾಸರಿ ತೆಗೆದುಕೊಳ್ಳಬೇಕು.

ಸತುವಿನ ಲೇಪ ಇದ್ದಾಗ

ತೂಕ ನೋಡಿ ದಪ್ಪ ಹೇಳುವ ಈ ವಿಧಾನ ಮೋಸ ಹೋಗುವ ಸಂದರ್ಭವೊಂದಿದೆ. ತುಕ್ಕು ಹಿಡಿಯದಂತೆ ಕೊಳವೆಯನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದಾಗ ಒಳಗೂ ಹೊರಗೂ ಸತು ಅಂಟಿಕೊಳ್ಳುತ್ತದೆ. ಲೇಪ 70 ಮೈಕ್ರಾನ್ ಇದ್ದರೆ ಚದರ ಮೀಟರ್‌ಗೆ ಸುಮಾರು 500 ಗ್ರಾಂ ಸತು. 100×50×3 ಕೊಳವೆಯ ಒಂದು ಮೀಟರ್‌ನಲ್ಲಿ ಹೊರಮೈ 0.29, ಒಳಮೈ 0.27, ಒಟ್ಟು 0.56 ಚದರ ಮೀಟರ್. ಸೇರುವ ಸತು 0.28 ಕೆ.ಜಿ., ಉಕ್ಕಿನ ತೂಕದ ನೂರಕ್ಕೆ ನಾಲ್ಕರಷ್ಟು. ಸತುವಿನ ಲೇಪ ಮೊದಲೇ ಇರುವ ತಗಡಿನಿಂದ ಮಾಡಿದ ಕೊಳವೆಯಲ್ಲಿ ಇಷ್ಟಿರುವುದಿಲ್ಲ. ಎರಡೂ ಮೈ ಸೇರಿ ಚದರ ಮೀಟರ್‌ಗೆ 120 ಗ್ರಾಂ ಲೇಪದ ತಗಡಾದರೆ ಸೇರುವುದು 0.03 ಕೆ.ಜಿ. ಮಾತ್ರ.

ಅದ್ದಿ ತೆಗೆದ ಕೊಳವೆಯೊಂದು ತಕ್ಕಡಿಯಲ್ಲಿ ಸರಿಯಾಗಿ ಮೀಟರ್‌ಗೆ 6.60 ಕೆ.ಜಿ. ತೋರಿಸಿತು ಎನ್ನೋಣ. ಸತು ಕಳೆದರೆ ಉಕ್ಕು 6.32 ಕೆ.ಜಿ., ಅದರಿಂದ ಬರುವ ದಪ್ಪ 2.87 ಮಿ.ಮೀ. ವರ್ನಿಯರ್ ಇಟ್ಟು ನೋಡಿದರೂ ಇದು ಪತ್ತೆಯಾಗುವುದಿಲ್ಲ. ಒಳಗೆ 0.07, ಹೊರಗೆ 0.07 ಸೇರಿ ಓದು 3.01 ಎಂದೇ ಬರುತ್ತದೆ. ಸತುವಿನ ಸಾಂದ್ರತೆ ಉಕ್ಕಿಗೆ ಹತ್ತಿರವೇ ಇರುವುದರಿಂದ ತಕ್ಕಡಿಯೂ ವರ್ನಿಯರೂ ಒಂದನ್ನೊಂದು ಸಮರ್ಥಿಸುತ್ತವೆ. ಅಂಥ ಕೊಳವೆಯ ಮೇಲೆ ಲೇಪದ ದಪ್ಪ ತೋರಿಸುವ ಅಯಸ್ಕಾಂತೀಯ ಗೇಜನ್ನು ನಾಲ್ಕಾರು ಕಡೆ ಇಟ್ಟು, ಅದರ ಸರಾಸರಿಯ ಎರಡರಷ್ಟನ್ನು ವರ್ನಿಯರ್ ಓದಿನಿಂದ ಕಳೆಯಬೇಕು. ಕಟ್ಟಿದ ಚೌಕಟ್ಟನ್ನು ಆಮೇಲೆ ಸತುವಿಗೆ ಕಳಿಸುವ ಕೆಲಸವಾದರೆ ಬರಿಯ ಉಕ್ಕನ್ನೇ ಮೊದಲು ತೂಗಿ ಬರೆದಿಟ್ಟುಕೊಂಡು, ಕಂಬಕ್ಕೆ ಬೀಳುವ ಭಾರದ ಲೆಕ್ಕದಲ್ಲಿ ಮಾತ್ರ ಸತುವಿನ ತೂಕವನ್ನು ಸೇರಿಸಬೇಕು, ಬಲದ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.